ಕೊನೆಯ ಒಪ್ಪಿಗೆ ಯಾರದು

ಪದಕ್ಕೆ ಇಷ್ಟು ಎಂದು ದರ ಹೇಳಿ ಬರೆದುಕೊಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಪದದಕ್ಕ ಎಂದೇ ಕರೆಯುತ್ತಿದ್ದರು. ಹಲ್ಲಿನ ಡಾಕ್ಟರು, ಹಾಸಿಗೆ ಅಂಗಡಿಯವರು, ನೀರಿನ ಫಿಲ್ಟರ್ ಮಾರುವವರು, ಯಾರ ವೆಬ್‌ಸೈಟ್ ಆದರೂ ಸರಿ. ಓದಿದವರಿಗೆ ಅಂಗಡಿಯೇ ಮಾತಾಡಿದಂತೆ ಕೇಳಬೇಕು, ಬರೆದವಳ ಸುಳಿವೂ ಸಿಗಬಾರದು. "ನಮ್ಮ ಮೇಡಂ ಮನೇಲಿ ಮಾತಾಡೋದಕ್ಕೂ ಪದ ಎಣಿಸೋಕೆ ಶುರು ಮಾಡಿದ್ರೆ ನಾನು ಬೀದಿಪಾಲು" ಎಂದು ಗಂಡ ಬಂದವರ ಮುಂದೆಲ್ಲ ಚುಡಾಯಿಸುತ್ತಿದ್ದ.

ಆ ದರ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಮೊದಮೊದಲು ಕೈ ಎಷ್ಟು ಬೇಗ ಓಡುತ್ತದೆ ಎಂಬುದನ್ನಷ್ಟೇ ಲೆಕ್ಕ ಹಾಕಿ ಕಡಿಮೆ ದರ ಹೇಳಿ, ಹಗಲೆಲ್ಲ ದುಡಿದೂ ಕೈಗೆ ಹತ್ತದೆ ಪೆಚ್ಚಾಗಿದ್ದಳು. ಬರೆಯುವ ಮುಂಚಿನ ಓದು, ಫೋನ್ ಮಾತು, ಆಮೇಲಿನ ತಿದ್ದುಪಡಿ ಎಲ್ಲವೂ ದುಡಿಮೆಯೇ ಎಂದು ಬುದ್ಧಿ ಬರುವ ಹೊತ್ತಿಗೆ ಕಣ್ಣಿಗೆ ಕನ್ನಡಕ ಬಂದಿತ್ತು. ಈಗ ಒಂದು ಪುಟದ ಕರಾರು ಇಲ್ಲದೆ ಅವಳು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಕೇಳಿದಷ್ಟು ಪದಕ್ಕೆ ದುಡ್ಡು, ನೀವು ಆಮೇಲೆ ಕತ್ತರಿಸಿ ಉಳಿಸಿಕೊಂಡಷ್ಟಕ್ಕಲ್ಲ. ತಿದ್ದುಪಡಿ ಎರಡು ಸುತ್ತು ಮಾತ್ರ. ವಿಷಯವನ್ನೇ ಬದಲಿಸಿದರೆ ಅದು ಹೊಸ ಕೆಲಸ. ಎಲ್ಲಕ್ಕಿಂತ ಮುಖ್ಯವಾದ ಸಾಲು ಕೊನೆಯದು: 'ಕೊನೆಯ ಒಪ್ಪಿಗೆ ಕೊಡುವವರು' ಎಂದು ಬರೆದು ಒಬ್ಬರ ಹೆಸರಿಗೆ ಜಾಗ. ಒಬ್ಬರೇ. ಇಬ್ಬರು ತಿದ್ದತೊಡಗಿದರೆ ಕೆಲಸ ಹನುಮಂತನ ಬಾಲವಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೀಗದ ಅಂಗಡಿಯವರ ಕರಾರಿನಲ್ಲಿ ಮಾತ್ರ ಆ ಜಾಗವನ್ನು ಖಾಲಿ ಬಿಟ್ಟಳು. ನಮ್ಮವರೇ ಅಲ್ಲವೇ ಅನ್ನಿಸಿತ್ತು. ಕೆಲವು ವರ್ಷಗಳ ಹಿಂದೆ ಅವಳು ತರಕಾರಿ ತರಲು ಹೋಗಿದ್ದಾಗ ಗಂಡ ಎದೆನೋವೆಂದು ಫೋನ್ ಮಾಡಿ ಅರ್ಧಕ್ಕೇ ಸುಮ್ಮನಾಗಿದ್ದ. ಓಡಿ ಬಂದರೆ ಬಾಗಿಲು ತಾನಾಗಿ ಹಾಕಿಕೊಂಡಿದೆ, ಕೀಲಿ ಒಳಗೇ ಇದೆ. ಆಗ ಆ ಅಂಗಡಿಯಿಂದ ಓಡಿಬಂದ ಸಣಕಲು ಮನುಷ್ಯ ಅವಳ ಅಳುವ ಮುಖವನ್ನು ಒಮ್ಮೆ ನೋಡಿ, ಒಂದೂ ಮಾತಾಡದೆ ಮಂಡಿಯೂರಿ ಬೀಗ ತೆಗೆದಿದ್ದ. ಗಂಡ ಉಳಿದ. ಆ ಋಣ ಅವಳ ಮೈಯಲ್ಲೇ ಇತ್ತು.

ಈಗ ಅಂಗಡಿ ನಡೆಸುತ್ತಿದ್ದವರು ಆ ಮನುಷ್ಯನ ಅಣ್ಣನ ಮಕ್ಕಳು. ಗಲ್ಲಾಪೆಟ್ಟಿಗೆಯ ಮುಂದೆ ಅಣ್ಣ, ಬೀಗದ ಕೆಲಸಕ್ಕೆ ತಂಗಿ. ಅಪ್ಪ ತೀರಿಕೊಂಡಿದ್ದರು. ಚಿಕ್ಕಪ್ಪ ಕೆಲಸ ಬಿಟ್ಟಿದ್ದಾರೆ ಎಂದಷ್ಟೇ ಅವಳ ಕಿವಿಗೆ ಬಿದ್ದಿತ್ತು.

ಬರೆಯುವ ವಿಷಯಗಳನ್ನು ಅವಳು ತಲೆ ಕೆರೆದುಕೊಂಡು ಹುಡುಕುವವಳಲ್ಲ. ಒಂದು ಬೆಳಗ್ಗೆ ಕೌಂಟರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಬಂದ ಗಿರಾಕಿಗಳು ಏನೇನು ಕೇಳುತ್ತಾರೆಂದು ಕಿವಿಗೊಟ್ಟಳು. ಕೀಲಿ ಒಳಗೇ ಮುರಿದರೆ ಏನು ಮಾಡಬೇಕು? ಬಾಡಿಗೆ ಮನೆಗೆ ಹೊಸದಾಗಿ ಬಂದರೆ ಇಡೀ ಬೀಗ ಬದಲಿಸಬೇಕೋ, ಕೀಲಿ ತೂರುವ ಒಳಗಿನ ಸಿಲಿಂಡರ್ ಬದಲಿಸಿದರೆ ಸಾಕೋ? ಜನ ಬಾಯಿಬಿಟ್ಟು ಕೇಳಿದ್ದನ್ನೇ ಫೋನಿನಲ್ಲೂ ಹುಡುಕುತ್ತಾರೆ, ಅದೇ ತಲೆಬರಹ. ಅಷ್ಟರಲ್ಲಿ ಒಬ್ಬ ಗಿರಾಕಿ ಸಿಡಿಮಿಡಿಗೊಂಡು, "ನಮ್ಮ ಮನೆ ಬೀಗ ತೆಗೆಯೋದಕ್ಕೆ ನಮ್ಮನ್ನೇ ಗುರುತಿನ ಚೀಟಿ ಕೇಳ್ತೀರಲ್ಲ, ನಾವೇನು ಕಳ್ಳರಾ?" ಎಂದ. ಒಳ್ಳೆಯ ವಿಷಯ ಸಿಕ್ಕಿತೆಂದು ಅವಳು ಗುರುತು ಮಾಡಿಕೊಂಡಳು. ಪಟ್ಟಿ ಕಳಿಸಿದಾಗ ಅಣ್ಣ ಅದೊಂದನ್ನೇ ಹೊಡೆದುಹಾಕಿದ. ಕಾರಣ ಹೇಳಲಿಲ್ಲ.

ಉಳಿದ ಲೇಖನಗಳು ಸಲೀಸಾಗಿ ಮುಗಿದವು. ಸಿಕ್ಕಿಹಾಕಿಕೊಂಡದ್ದು 'ನಮ್ಮ ಬಗ್ಗೆ' ಎಂಬ ಪುಟ್ಟ ಪುಟ. ಅಪ್ಪ, ಚಿಕ್ಕಪ್ಪ ಸೇರಿ ಕಟ್ಟಿದ ಅಂಗಡಿ ಎಂದು, ಒಬ್ಬೊಬ್ಬರ ಬಗ್ಗೆ ಒಂದೊಂದು ಪ್ಯಾರಾ ಅವಳು ಬರೆದಿದ್ದಳು. ಅಣ್ಣ ತಿದ್ದಿ ಕಳಿಸಿದ, ಚಿಕ್ಕಪ್ಪನ ಪ್ಯಾರಾ ಇಲ್ಲ. ಅದರ ಬೆನ್ನಿಗೇ ತಂಗಿ ತಿದ್ದಿ ಕಳಿಸಿದಳು, ಪ್ಯಾರಾ ವಾಪಸ್ಸು ಬಂದಿತ್ತು, ಎರಡು ಸಾಲು ಉದ್ದವಾಗಿ. ಮತ್ತೆ ಹೋಯಿತು, ಮತ್ತೆ ಬಂತು. ಪದದಕ್ಕ ಕೊನೆಗೆ ಜಾಣತನ ಮಾಡಲು ಹೋಗಿ, 'ಮನೆಯ ಹಿರಿಯರು ಕಟ್ಟಿದ ಅಂಗಡಿ' ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆದು ಕಳಿಸಿದಳು. ಇಬ್ಬರೂ ಒಪ್ಪಲಿಲ್ಲ. ಆ ಸಾಲು ಬರೆದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ತನ್ನ ಮನೆಯ ಬಾಗಿಲು ತೆಗೆದವನು ಯಾವ 'ಹಿರಿಯರೂ' ಅಲ್ಲ, ಒಬ್ಬ ಮನುಷ್ಯ. ಅವನು ಆ ಪುಟದಿಂದ ಅಳಿಸಿಹೋಗುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಆದರೆ ಅಂಗಡಿ ಅವಳದಲ್ಲ, ಪುಟವೂ ಅವಳದಲ್ಲ.

"ಹೋಗಿ ಕೇಳಿಬಿಡು" ಎಂದ ಗಂಡ. ಆ ಸಲ ಅವನು ಚುಡಾಯಿಸಲಿಲ್ಲ.

ಅವಳು ಕರಾರಿನ ಹಾಳೆ ಹಿಡಿದುಕೊಂಡು ಅಂಗಡಿಗೆ ಹೋದಳು. ಖಾಲಿ ಜಾಗದ ಮೇಲೆ ಬೆರಳಿಟ್ಟು, "ತಪ್ಪು ನಂದೇ, ಇದನ್ನ ಮೊದಲೇ ತುಂಬಿಸ್ಕೋಬೇಕಿತ್ತು. ಕೊನೇ ಒಪ್ಪಿಗೆ ಯಾರದು? ಒಬ್ಬರ ಹೆಸರು ಹೇಳಿ" ಎಂದಳು.

"ನಂದೇ" ಎಂದ ಅಣ್ಣ.

ಕೀಲಿ ಉಜ್ಜುವ ಯಂತ್ರ ನಿಂತಿತು. "ಹಾಗಂತ ಯಾರು ಹೇಳಿದ್ದು?" ಎಂದಳು ತಂಗಿ.

"ಯಾರು ಹೇಳಬೇಕು? ಅಂಗಡಿ ಹೆಸರು ಕಾಯ್ತಾ ಇರೋನು ನಾನು."

"ಹೆಸರು ಕಟ್ಟಿದವರನ್ನ ಅಳಿಸಿ ಹೆಸರು ಕಾಯೋದಾ ಅಣ್ಣ?"

"ಅವರು ಮಾಡಿದ್ದು ನಿನಗೆ ಗೊತ್ತಿಲ್ವಾ?" ಅಣ್ಣನ ದನಿ ಏರಿ, ಪದದಕ್ಕ ನಿಂತಿರುವುದು ನೆನಪಾಗಿ ಥಟ್ಟನೆ ಇಳಿಯಿತು.

ತಂಗಿಯೇ ಹೇಳಿದಳು. ಒಬ್ಬ ಗಂಡಸು ಬಾಗಿಲ ಹೊರಗೆ ನಿಂತು ಅಳುತ್ತಿದ್ದನಂತೆ. ಇದು ನನ್ನ ಮನೆ, ಹೆಂಡತಿ ಒಳಗೆ ಏನು ಮಾಡಿಕೊಂಡಿದ್ದಾಳೋ, ಬೇಗ ತೆಗೆಯಿರಿ ಎಂದನಂತೆ. ಚಿಕ್ಕಪ್ಪ ತೆಗೆದರು. ಮನೆ ಅವನದಲ್ಲ. ಅವನ ಹೊಡೆತ ತಾಳಲಾರದೆ ಹೆಂಡತಿ ಬೇರೆ ಮನೆ ಮಾಡಿಕೊಂಡು, ಹೆದರಿ ಬೀಗ ಹಾಕಿಕೊಂಡು ಕೂತಿದ್ದಳು. ಅವಳ ಪ್ರಾಣ ಉಳಿಯಿತು, ಒಂದು ಕಣ್ಣು ಉಳಿಯಲಿಲ್ಲ. ಮರುದಿನವೇ ಚಿಕ್ಕಪ್ಪ ಉಪಕರಣದ ಚೀಲವನ್ನು ತಂಗಿಯ ಕೈಗೆ ಕೊಟ್ಟು ಮಹಡಿ ಹತ್ತಿದವರು, ಆಮೇಲೆ ಅಂಗಡಿಗೆ ಇಳಿದೇ ಇಲ್ಲ.

ಪದದಕ್ಕನಿಗೆ ತನ್ನ ಮನೆಯ ಬಾಗಿಲು ನೆನಪಾಯಿತು. ಅಂದು ತಾನೂ ಹೀಗೇ ಬಾಗಿಲ ಹೊರಗೆ ನಿಂತು ಅತ್ತಿದ್ದಳು. ತನ್ನನ್ನೂ ಅವರು ಏನೊಂದೂ ಕೇಳಿರಲಿಲ್ಲ. ತನ್ನ ಗಂಡನನ್ನು ಉಳಿಸಿದ ಅದೇ ಅವಸರ ಆ ಹೆಂಗಸಿನ ಬಾಗಿಲನ್ನೂ ತೆಗೆದಿತ್ತು. ಇಷ್ಟು ವರ್ಷ ಕೈಮುಗಿದುಕೊಂಡು ಬಂದದ್ದೂ ಆ ಅವಸರಕ್ಕೇ. ಅವಳು ಸ್ಟೂಲಿನ ಮೇಲೆ ಕೂತಳು.

ಕೂತಲ್ಲಿಂದಲೇ ಕೇಳಿದಳು: "ಈ ಪ್ಯಾರಾ ಯಾರ ಬಗ್ಗೆಯೋ ಅವರಿಗೆ ತೋರಿಸಿದ್ದೀರಾ?"

ಅಣ್ಣತಂಗಿ ಇಬ್ಬರೂ ತೋರಿಸಿರಲಿಲ್ಲ. ಮೂವರೂ ಮೆಟ್ಟಿಲು ಹತ್ತಿದರು.

ಮಹಡಿಯ ಕೋಣೆ ಚೊಕ್ಕಟವಾಗಿತ್ತು. ಬಾಗಿಲಿಗೆ ಚಿಲಕವೇ ಇರಲಿಲ್ಲ, ಅದನ್ನು ತೆಗೆಸಿದ ಜಾಗದ ತೂತುಗಳು ಹಾಗೇ ಇದ್ದವು. ಚಿಕ್ಕಪ್ಪ ಅವಳನ್ನು ನೋಡುತ್ತಲೇ ಗುರುತು ಹಿಡಿದರು. "ಯಜಮಾನರು ಹೇಗಿದ್ದಾರೆ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರಾಡಿತು.

ಅವರು ತಂಗಿ ಕೊಟ್ಟ 'ನಮ್ಮ ಬಗ್ಗೆ' ಪುಟದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ತಂಗಿಯ ಪ್ಯಾರಾದಲ್ಲಿ 'ಎಂಥ ಬಾಗಿಲನ್ನೂ ಕ್ಷಣದಲ್ಲಿ ತೆಗೆಯುತ್ತಿದ್ದರು' ಎಂಬ ಸಾಲಿನ ಮೇಲೆ ಉಗುರು ಎಳೆದರು. "ಇದು ಬೇಡಮ್ಮ. ಇದನ್ನ ಹೊಗಳಿಕೆ ಅಂದ್ಕೊಂಡೇ ನಾನು ಹಾಳಾದೆ." ಆಮೇಲೆ ಅವಳ ಕಡೆ ತಿರುಗಿದರು. "ನಿಮ್ಮ ಬಾಗಿಲಲ್ಲೂ ನಾನು ಏನೂ ಕೇಳಲಿಲ್ಲ. ಕೇಳಬೇಕಿತ್ತು."

"ಕೇಳ್ತಾ ಕೂತಿದ್ರೆ ನಮ್ಮವರು ಉಳೀತಿರಲಿಲ್ಲ."

"ಕೂತ್ಕೊಂಡು ಕೇಳಬೇಕಿಲ್ಲ. ಚೀಲ ಬಿಚ್ಚುತ್ತಾನೇ ಕೇಳಬಹುದು. ಪಕ್ಕದ ಮನೆಯವರನ್ನ ಒಂದು ಮಾತು, 'ಇವರು ಇಲ್ಲಿಯವರಾ' ಅಂತ. ಅಷ್ಟೇ." ಅವರು ಕನ್ನಡಕ ತೆಗೆದರು. "ನನ್ನ ಹೆಸರು ಈ ಪುಟದಲ್ಲಿ ಇದ್ರೂ ಸರಿ, ಇಲ್ದಿದ್ರೂ ಸರಿ. ಗಿರಾಕಿಗಳು ಬಯ್ಕೊಳ್ತಾರಂತಲ್ಲ, ಯಾಕೆ ಗುರುತು ಕೇಳ್ತೀರಿ ಅಂತ? ಅದಕ್ಕೆ ಉತ್ತರ ಬರೀರಿ. ನಿಜವಾದ ಉತ್ತರ. ಆಕೆ ಯಾರು, ಎಲ್ಲಿಯವರು, ಒಂದು ಗುರುತೂ ಬರಬಾರದು. ಆಕೆ ಬದುಕಿದ್ದಾರೆ, ಓದಿದ್ರೂ ಓದಬಹುದು."

ಕರಾರಿನ ಖಾಲಿ ಜಾಗದಲ್ಲಿ ಅವರೇ ತಮ್ಮ ಹೆಸರು ಬರೆದರು. ಬಾಗಿಲ ಬಳಿ ನಿಂತಿದ್ದ ಅಣ್ಣ ಕೆಳಗಿಳಿದು ಹೋದ.

ಗುರುತು ಯಾಕೆ ಕೇಳುತ್ತೇವೆ ಎಂಬ ಆ ಪುಟ್ಟ ಲೇಖನದ ಮುಂದೆ ಪದದಕ್ಕ ಕೂತಷ್ಟು ಹೊತ್ತು ಯಾವ ದೊಡ್ಡ ಕೆಲಸದ ಮುಂದೆಯೂ ಕೂತಿರಲಿಲ್ಲ. ಬರೆದದ್ದೆಲ್ಲ ಜಾಹೀರಾತಿನ ಕಣ್ಣೀರಿನಂತೆ ಕಾಣುತ್ತಿತ್ತು. ಹೊಡೆದು ಹೊಡೆದು ಕೊನೆಗೆ ಉಳಿದದ್ದು ಇಷ್ಟು: ನಮ್ಮ ಕೆಲಸಗಾರರು ನಿಮ್ಮ ಗುರುತು ಕೇಳುತ್ತಾರೆ. ನಿಮಗೆ ಬೇಸರವಾಗಬಹುದು. ನಮ್ಮ ಅಂಗಡಿಯಿಂದ ಹೋದ ಒಬ್ಬರು ಹಿಂದೊಮ್ಮೆ ಕೇಳದೆ ಒಂದು ಬಾಗಿಲು ತೆಗೆದರು, ಒಳಗಿದ್ದ ಹೆಂಗಸಿಗೆ ಆದ ನೋವನ್ನು ಯಾರಿಂದಲೂ ಸರಿಮಾಡಲಾಗಲಿಲ್ಲ. ಬೀಗ ಇರುವುದು ಹೊರಗೆ ನಿಂತವರಿಗಾಗಿ ಮಾತ್ರವಲ್ಲ.

ಚಿಕ್ಕಪ್ಪ ಒಂದು ಅಕ್ಷರವನ್ನೂ ತಿದ್ದದೆ ಒಪ್ಪಿಗೆ ಕಳಿಸಿದರು. ಕೆಲಸ ಮುಗಿಯಿತೆಂದು ಅವಳು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಅಣ್ಣನ ಫೋನು ಬಂತು.

"ಅಕ್ಕ, ಒಂದು ಬದಲಾವಣೆ ಇದೆ."

ಸಿಟ್ಟು ಅವಳ ನಾಲಿಗೆಯ ತುದಿಗೆ ಬಂತು. ಸುತ್ತು ಮುಗಿದಿದೆ, ಒಪ್ಪಿಗೆ ಕೊಡುವವರು ನೀವಲ್ಲ ಎಂದು ಹೇಳಲು ಬಾಯಿ ತೆರೆದಳು.

"ನಮ್ಮ ಅಂಗಡಿಯಿಂದ ಹೋದ ಒಬ್ಬರು ಅಂತ ಬರೆದಿದ್ದೀರಲ್ಲ" ಎಂದ ಅವನು. "ಒಬ್ಬರಲ್ಲ ಅಕ್ಕ, ಇಬ್ಬರು. ಆವತ್ತು ಆ ಗಂಡಸಿನ ಫೋನ್ ಎತ್ತಿದ್ದು ನಾನು. ನಾನೂ ಏನೂ ಕೇಳಲಿಲ್ಲ. 'ಬೇಗ ಹೋಗಿ ಚಿಕ್ಕಪ್ಪ, ಪಾಪ ಅಳ್ತಾ ಇದ್ದಾರೆ' ಅಂತ ಕಳಿಸಿದ್ದೇ ನಾನು. ಇಷ್ಟು ದಿನ ಯಾರಿಗೂ ಹೇಳಿಲ್ಲ. ಚಿಕ್ಕಪ್ಪನೂ ಹೇಳಿಲ್ಲ."

ಅವಳು ಲ್ಯಾಪ್‌ಟಾಪ್ ಮತ್ತೆ ತೆರೆದು ಆ ಸಾಲನ್ನು ಹುಡುಕಿದಳು. "ಇಬ್ಬರೂ ಅಂತಲೇ ಬರೀಲಾ?" ಎಂದು ಕೇಳಿದಳು.

"ಬರೀರಿ. ಬರೆದು ಮೊದಲು ಚಿಕ್ಕಪ್ಪನಿಗೆ ತೋರಿಸಬೇಕಲ್ಲ, ಕೊನೇ ಒಪ್ಪಿಗೆ ಅವರದಲ್ವಾ?" ಎಂದ ಅವನು. "ನೀವು ಕಳಿಸಬೇಡಿ ಅಕ್ಕ. ಪ್ರಿಂಟ್ ತೆಗೆದು ಕೊಡಿ. ನಾನೇ ಮೇಲೆ ತಗೊಂಡು ಹೋಗ್ತೀನಿ."