ಮ್ಯಾನೇಜರ್ ಕುರ್ಚಿಯ ಫೋಟೋ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬುಧವಾರ ಬೆಳಿಗ್ಗೆ ಕಾಫಿಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನ ನೋಟಿಸ್ ಬೋರ್ಡಿನ ಮುಂದೆ ನಿಂತ ನಿರಂಜನನ ಸ್ಥಿತಿಯೂ ಅದೇ. ಅಕ್ಕಪಕ್ಕ ಯಾರೂ ಅವನನ್ನು ನೋಡುತ್ತಿರಲಿಲ್ಲ. ಆದರೂ ಅವನಿಗೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

2008ರ ಡಿಸೆಂಬರ್. ಚಿಕ್ಕಮಗಳೂರಿನಲ್ಲಿ ಸೈಬರ್ ಸೆಂಟರಿಗೆ ಹೋಗಿ ಆರ್ಕುಟ್‌ನಲ್ಲಿ ಫೋಟೋ ಹಾಕದವನು ಮನುಷ್ಯನೇ ಅಲ್ಲ ಎನ್ನುವ ಕಾಲ. ನೋಟಿಸ್ ಹೀಗಿತ್ತು: ಕಂಪನಿಯ ಕಾಗದಪತ್ರ, ಲ್ಯಾಬ್, ಗೋದಾಮು, ಕಚೇರಿ ಕೊಠಡಿಗಳು ಕಾಣುವ ಯಾವುದೇ ಚಿತ್ರವನ್ನು ಆರ್ಕುಟ್ ಮುಂತಾದ ಕಡೆ ಹಾಕಿದ್ದರೆ ಶನಿವಾರ ಸಂಜೆ ನಾಲ್ಕರೊಳಗೆ ತೆಗೆಯಬೇಕು. ಚಿತ್ರದಲ್ಲಿ ಏನಿತ್ತು, ಯಾರ ಕೈಗೆ ಹೋಗಿದೆ ಎಂದು ಫಾರಂನಲ್ಲಿ ಬರೆದು ಸಹಿ ಹಾಕಬೇಕು. ಬೇರೆಯವರ ಬಳಿ ಪ್ರತಿ ಇದ್ದರೆ ವಾಪಸ್ ತರಬೇಕು ಅಥವಾ ಅಳಿಸಿಸಬೇಕು. ತಾವಾಗಿ ಹೇಳಿದವರಿಗೆ ಎಚ್ಚರಿಕೆ ಮಾತ್ರ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಸಸ್ಪೆಂಡ್ ಮಾಡಿ ವಿಚಾರಣೆ.

ನಿರಂಜನ ಡೆಸ್ಪ್ಯಾಚ್ ಸೆಕ್ಷನ್ನಿನ ಗುಮಾಸ್ತ. ಆರು ವರ್ಷದಿಂದ ಹೊರಹೋಗುವ ಕಾಫಿ ಚೀಲಗಳ ಚೀಟಿ ಬರೆಯುವುದೇ ಅವನ ಕೆಲಸ. ಅವನ ಕುರ್ಚಿಗೆ ಒಂದು ಕೈಯೇ ಇರಲಿಲ್ಲ. ಆಯುಧಪೂಜೆಯ ದಿನ ಮ್ಯಾನೇಜರ್ ಚಂದ್ರಶೇಖರಪ್ಪನವರ ಕ್ಯಾಬಿನ್ ತೆರೆದಿತ್ತು. ಮೆಷಿನ್ನುಗಳಿಗೆ ಹೂವಿನ ಹಾರ ಹಾಕಿ ಎಲ್ಲರೂ ಪ್ರಸಾದದ ಗಲಾಟೆಯಲ್ಲಿದ್ದಾಗ ಈ ಮಹಾಶಯ ಆ ಚರ್ಮದ ಕುರ್ಚಿಯಲ್ಲಿ ಕೂತ. ಹೆಸರಿನ ಫಲಕವನ್ನು ಪಕ್ಕಕ್ಕೆ ಸರಿಸಿದ. ತೂಕದ ಸೆಕ್ಷನ್ನಿನ ಧರ್ಮೇಶನ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ಹೊಡೆಸಿಕೊಂಡ. ಫಲಕ ಸರಿಸುವ ಬುದ್ಧಿ ಇದ್ದವನಿಗೆ ಮೇಜಿನ ಮೇಲಿನ ಕಾಗದ ಸರಿಸುವ ಬುದ್ಧಿ ಇರಲಿಲ್ಲ.

ಆ ಫೋಟೋ ಆರ್ಕುಟ್‌ಗೆ ಹೋಯಿತು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಬಣಕಲ್ಲಿನ ರಮಾಕಾಂತ ಮೇಷ್ಟ್ರ ಮಗಳು ವರ್ಷಿಣಿಯ ಜೊತೆ ಅವನ ಮದುವೆಯ ಮಾತುಕತೆ ನಡೆದಿತ್ತು. ಮೂಡಿಗೆರೆಯಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿ. ಮೇಷ್ಟ್ರು ಆರ್ಕುಟ್‌ನಲ್ಲಿ ಫೋಟೋ ನೋಡಿ, "ದೊಡ್ಡದಾಗಿ ಕಳ್ಸಿ, ನೆಂಟರಿಗೆ ತೋರಿಸ್ಬೇಕು" ಅಂದಿದ್ದರು. ಇವನು ಮೂಲ ಫೋಟೋವನ್ನೇ ವರ್ಷಿಣಿಯ ಇಮೇಲಿಗೆ ಕಳಿಸಿದ್ದ. "ಮ್ಯಾನೇಜರಾ?" ಎಂದು ಮೇಷ್ಟ್ರು ಕೇಳಿದಾಗ ಹೌದು ಅಂದಿರಲಿಲ್ಲ. ಅಲ್ಲ ಅಂತಲೂ ಅಂದಿರಲಿಲ್ಲ. ಸುಮ್ಮನೆ ನಕ್ಕಿದ್ದ. ಮುಂದಿನ ತಿಂಗಳು ನಿಶ್ಚಿತಾರ್ಥ.

ಬುಧವಾರ ಸಂಜೆ ಧರ್ಮೇಶನ ಕ್ಯಾಮೆರಾದಿಂದ ಅಳಿಸಿಸಿ, ಸೈಬರಿನಲ್ಲಿ ಕೂತು ಆರ್ಕುಟ್‌ನ ಫೋಟೋ ಅಳಿಸಿದ. ಅಲ್ಲಿ ಕಾಗದ ಮಸುಕಾಗಿತ್ತು. ಇಮೇಲಿನಲ್ಲಿ ಕಳಿಸಿದ್ದನ್ನು ತೆರೆದು ಹಿಗ್ಗಿಸಿದಾಗ ಮಾತ್ರ ಅದೇನೆಂದು ಕಂಡಿತು. ವಿದೇಶಿ ಖರೀದಿದಾರನೊಬ್ಬನಿಗೆ ಕಳಿಸಿದ ಸ್ಯಾಂಪಲ್‌ನ ರುಚಿಪರೀಕ್ಷೆ ವರದಿ. ಖರೀದಿದಾರನ ಹೆಸರು, ಗ್ರೇಡು, ಒಪ್ಪಿದ ದರ ಎಲ್ಲ ಓದಬಹುದಿತ್ತು.

ಮೇಷ್ಟ್ರಿಗೆ ಫೋನ್ ಮಾಡಿದ.

"ಪ್ರಿಂಟ್ ಹಾಕ್ಸಿದೀನಿ, ಚಂದ ಬಂದಿದೆ," ಅಂದರು ಅವರು. "ಶುಕ್ರವಾರ ಮೂಡಿಗೆರೆಗೆ ಹೋಗ್ತೀನಿ. ನಮ್ಮ ನೆಂಟ್ರು ಶಾಂತವೀರಪ್ಪನವ್ರಿಗೆ ತೋರಿಸ್ಬೇಕು. ಅವ್ರು ಕಾಫಿ ವ್ಯಾಪಾರದವ್ರು, ನಿಮ್ಮ ಕಂಪನಿ ಅವ್ರಿಗೆ ಚೆನ್ನಾಗಿ ಗೊತ್ತು."

ಕಾಫಿ ವ್ಯಾಪಾರಿಯ ಕೈಗೆ ಆ ಕಾಗದ! ಆ ರಾತ್ರಿ ಊಟ ಸೇರಲಿಲ್ಲ. ಫಾರಂನಲ್ಲಿ "ಯಾರ ಬಳಿಯೂ ಪ್ರತಿ ಇಲ್ಲ" ಎಂದು ಬರೆದುಬಿಡಲೇ? ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ. ಆದರೆ ಶಾಂತವೀರಪ್ಪ ಓದಿದರೆ ಕೆಲಸ ಹೋಗುತ್ತದೆ. ಬಣಕಲ್ಲಿಗೆ ಹೋಗಿ ನಿಜ ಹೇಳಿದರೆ ಹುಡುಗಿ ಹೋಗುತ್ತಾಳೆ. ಎತ್ತ ತಿರುಗಿದರೂ ಮುಳ್ಳೇ.

ಗುರುವಾರ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದ. ಮೂಡಿಗೆರೆ ದಾಟುವವರೆಗೆ ನಾಲ್ಕಾರು ಸುಳ್ಳು ಹೊಸೆದ. ಯಾವುದೂ ನಿಲ್ಲಲಿಲ್ಲ. ಬಣಕಲ್ಲಿನಲ್ಲಿ ಇಳಿದಾಗ ಕಾಲು ಮುಂದಕ್ಕೆ ಬಾರದು, ಹಿಂದಕ್ಕೂ ಹೋಗದು.

ಮೇಷ್ಟ್ರು ಜಗುಲಿಯಲ್ಲಿದ್ದರು. "ಬನ್ನಿ ಬನ್ನಿ! ಮ್ಯಾನೇಜರ್ ಸಾಹೇಬ್ರು ಬಸ್ಸಲ್ಲಾ ಬರೋದು?"

ಕೂರುವ ಮೊದಲೇ ನಿರಂಜನ ಹೇಳಿಬಿಟ್ಟ. ಕೂತರೆ ಬಾಯಿ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕುರ್ಚಿ ತನ್ನದಲ್ಲ, ತಾನು ಗುಮಾಸ್ತ, ಫೋಟೋದಲ್ಲಿ ಕಂಪನಿಯ ಗುಟ್ಟಿನ ಕಾಗದ ಇದೆ, ನೋಟಿಸ್ ಬಂದಿದೆ, ಪ್ರಿಂಟು ವಾಪಸ್ ಬೇಕು. ಒಂದೇ ಉಸಿರಿಗೆ.

ಮೇಷ್ಟ್ರ ಮುಖ ಇಳಿಯಿತು. "ಹಂಗಾದ್ರೆ ನಾನು ಅಷ್ಟು ಜನಕ್ಕೆ ಹೇಳಿದ್ದೆಲ್ಲ ಏನಾಯ್ತು? ಬಾಯಲ್ಲಿ ಹೇಳಿದ್ದನ್ನ ಎಲ್ಲಿಂದ ಅಳಿಸ್ಲಿ, ಹೇಳಿ ನೋಡುವಾ?"

ಒಳಗಿನಿಂದ ವರ್ಷಿಣಿ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಪ್ರಿಂಟು. ಅದನ್ನು ಅವನ ಕೈಗೆ ಕೊಟ್ಟಳು.

"ಇದೊಂದೇ ಪ್ರತಿ ಇರೋದು. ಇಮೇಲಿಂದೂ ಅಳಿಸ್ತೀನಿ, ಟ್ರ್ಯಾಶಿಂದೂ. ನಿಮ್ಮ ಕೆಲ್ಸಕ್ಕೆ ನನ್ನಿಂದ ತೊಂದ್ರೆ ಆಗಲ್ಲ."

ಅವನ ಜೀವ ಹಗುರಾಯಿತು.

"ಗುಮಾಸ್ತ ಆದ್ರೆ ನಂಗೇನೂ ಬೇಜಾರಿಲ್ಲ," ಅಂದಳು ಅವಳು. "ನಾನೇನು ಕಲೆಕ್ಟ್ರಾ? ಒಂದು ಕೇಳ್ತೀನಿ, ನಿಜ ಹೇಳಿ. ಈ ನೋಟಿಸ್ ಬರ್ದೇ ಇದ್ದಿದ್ರೆ ನಮಗೆ ಯಾವಾಗ ಹೇಳ್ತಿದ್ರಿ?"

ನಿಶ್ಚಿತಾರ್ಥದ ಹಿಂದಿನ ದಿನ ಎಂದು ಹೇಳಬಹುದಿತ್ತು. ನಾಳೆಯೇ ಹೇಳಬೇಕು ಅಂತಿದ್ದೆ ಎನ್ನಬಹುದಿತ್ತು. ಬಸ್ಸಿನಲ್ಲಿ ಹೊಸೆದ ಸುಳ್ಳುಗಳಲ್ಲಿ ಇದಕ್ಕೆ ಹೊಂದುವುದು ಒಂದಾದರೂ ಇತ್ತು. ಅವಳ ಮುಖ ನೋಡಿ ಅದು ನಾಲಿಗೆಗೆ ಬರಲಿಲ್ಲ.

"ಹೇಳ್ತಿರ್ಲಿಲ್ಲ," ಅಂದ.

ವರ್ಷಿಣಿಯ ಮುಖದಲ್ಲಿ ಕೋಪವೇನೂ ಕಾಣಲಿಲ್ಲ. ಕೋಪವಾದರೂ ಇದ್ದಿದ್ದರೆ ಒಳ್ಳೆಯದಿತ್ತು, ಬೇಡಿಕೊಳ್ಳಲು ದಾರಿಯಿರುತ್ತಿತ್ತು.

"ಅಪ್ಪ, ನಿಶ್ಚಿತಾರ್ಥ ಬೇಡ," ಎಂದಳು. ಆಮೇಲೆ ಅವನ ಕಡೆ ತಿರುಗಿ, "ಕಾಫಿ ಕುಡ್ಕೊಂಡು ಹೋಗಿ. ಮುಂದಿನ ಬಸ್ಸಿಗೆ ಇನ್ನೂ ಟೈಮಿದೆ," ಅಂದು ಒಳಗೆ ಹೋದಳು.

ಕಾಫಿ ಬಂತು. ತಂದವರು ಮೇಷ್ಟ್ರು.

ಶುಕ್ರವಾರ ಬೆಳಿಗ್ಗೆ ನಿರಂಜನ ಫಾರಂ ತುಂಬಿದ. ಕುರ್ಚಿ, ವರದಿ, ಇಮೇಲು, ಪ್ರಿಂಟು, ಬಣಕಲ್ಲಿನ ವಿಳಾಸ, ಯಾವುದನ್ನೂ ಬಿಡಲಿಲ್ಲ. ಪ್ರಿಂಟನ್ನು ಅದಕ್ಕೆ ಪಿನ್ ಮಾಡಿ ಆ ಕ್ಯಾಬಿನ್ನಿಗೇ ಹೋಗಿ ನಿಂತ.

ಚಂದ್ರಶೇಖರಪ್ಪ ಓದಿದರು. ಫೋಟೋ ನೋಡಿ ಮೊದಲು ಹುಬ್ಬು ಗಂಟಿಕ್ಕಿದರು. ಬೈಗುಳಕ್ಕೆ ನಿರಂಜನ ಸಿದ್ಧನಾಗಿದ್ದ. ಬೈದರೆ ಸಾಕು ಅನ್ನಿಸಿತ್ತು ಅವನಿಗೆ.

"ಖರೀದಿದಾರರಿಗೆ ಒಂದು ಪತ್ರ ಬರೀಬೇಕು, ಅದು ನನ್ನ ತಲೆನೋವು," ಎಂದರು. "ನಿಂಗೆ ಎಚ್ಚರಿಕೆ ಪತ್ರ ಬರುತ್ತೆ, ತಗೋ. ಮೂವತ್ತು ಜನ ಫಾರಂ ಕೊಟ್ಟಿದಾರೆ ಮಾರಾಯ, ಎಲ್ರದ್ದೂ 'ಏನೂ ಇಲ್ಲ, ಯಾರಿಗೂ ಕೊಟ್ಟಿಲ್ಲ'. ನಾನು ನಂಬ್ಬೇಕಂತೆ! ಬಣಕಲ್ಲಿಗೆ ಹೋಗಿ ವಾಪಸ್ ತಂದಿದೀಯ. ಇಡೀ ಕಂಪನೀಲಿ ಪ್ರಾಮಾಣಿಕ ಮನುಷ್ಯ ಅಂದ್ರೆ ನೀನೊಬ್ಬನೇ."

ಫಾರಂ ತಿರುಗಿಸಿ, ಪೆನ್ನು ಮುಂದಿಟ್ಟು, "ಇಲ್ಲೊಂದು ಸಹಿ ಬಿಟ್ಟಿದೀಯ ನೋಡು. ಕೂತ್ಕೊಂಡು ಹಾಕು," ಎಂದರು.

ನಿರಂಜನ ನಿಂತುಕೊಂಡೇ ಸಹಿ ಹಾಕಿದ.