ಅಂಗಳದಲ್ಲಿ ಒಂದೇ ಬಿಸಿಲು

ನರಗುಂದದ ನಮ್ಮ ಮನೆಯ ಅಂಗಳ ಅಂಗೈಯಷ್ಟು. ಸುತ್ತ ನೆರೆಮನೆಗಳ ಗೋಡೆ. ದಿನವಿಡೀ ಬಿಸಿಲು ಬೀಳುವ ಜಾಗ ಒಂದೇ. ಚಳಿಗಾಲದಲ್ಲಿ ಅಲ್ಲಿ ನನ್ನ ತಾಯಿ ಮಕ್ತುಮಬಿ ಮಲಗಿ ಮೈ ಕಾಯಿಸುವ ಹೊರಸು, ಬೇಸಿಗೆಯಲ್ಲಿ ಅವಳದೇ ಸಂಡಿಗೆ. ನನ್ನ ಹೆಂಡತಿ ನಜ್ಮಾಳ ದೇವಕಣಗಿಲೆ ಕುಂಡ ಮಾತ್ರ ವರ್ಷವಿಡೀ ನೆರಳಿನ ಮೂಲೆಯಲ್ಲಿ. ನೆಟ್ಟು ಮೂರು ವರ್ಷವಾದರೂ ಒಂದು ಹೂ ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಬಟ್ಟೆ ಹೊಲಿಯುವ ನನಗೆ ಅತ್ತೆ ಸೊಸೆಯರ ಜಗಳ ಕೇಳುವುದೇ ಇನ್ನೊಂದು ಉದ್ಯೋಗ.

ಅದು ನಜ್ಮಾಳ ಗಜೇಂದ್ರಗಡದ ತವರಿನ ಗಿಡ. ಅವಳ ತಾಯಿ ತೀರಿಕೊಂಡ ಮೇಲೆ ಅಣ್ಣಂದಿರು ಕೋಣೆ ಕಟ್ಟಲು ಆಕೆಯ ದೇವಕಣಗಿಲೆ ಮರ ಕಡಿಸಿದರು. ಬೊಡ್ಡೆಯಲ್ಲಿ ಒಡೆದ ಚಿಗುರೊಂದನ್ನು ಇವಳು ತಂದಿದ್ದಳು.

"ಇದೂ ಹೋದ್ರ ನಮ್ಮವ್ವಂದು ಏನೂ ಉಳಿಯಂಗಿಲ್ರಿ" ಅನ್ನುತ್ತಿದ್ದಳು.

೨೦೦೫ರ ಜನವರಿಯಲ್ಲಿ ಎಲೆಗಳೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ನಜ್ಮಾ ಗಾಬರಿಯಾಗಿ ಹೊತ್ತುಹೊತ್ತಿಗೆ ನೀರು ಸುರಿದಳು. ಕೊನೆಗೆ ಬಾಯಿಬಿಟ್ಟಳು: "ಅತ್ತಿ, ಹೊರಸು ಸರಸ್ರಿ. ಬಿಸಿಲಿಲ್ದ ಗಿಡ ಸಾಯಾಕತ್ತೈತಿ."

"ನಾ ಚಳಿಗೆ ಸತ್ತರ ನಡೀತೈತೇನು?" ಎಂದಳು ತಾಯಿ.

ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಒಬ್ಬಳ ಮಾತು ಇನ್ನೊಬ್ಬಳಿಗೆ ಮುಟ್ಟಿಸಿ ಮುಟ್ಟಿಸಿ ನನ್ನ ತಲೆ ಕೆಟ್ಟಿತು. "ಕುಂಡಾನ ತಿಪ್ಪಿಗೆ ಒಗದ ಬರ್ತೀನಿ" ಎಂದು ಎದ್ದೆ.

ನನಗಿಂತ ಮೊದಲು ತಾಯಿ ಕೋಲೂರಿಕೊಂಡು ಕುಂಡದ ಹತ್ತಿರ ಹೋಗಿದ್ದಳು. ಕಿತ್ತೇಬಿಡುತ್ತಾಳೆಂದು ನಜ್ಮಾ ಓಡಿ ಬಂದಳು. ತಾಯಿ ಕಾಂಡ ಹಿಚುಕಿ ನೋಡಿದಳು, ಗಟ್ಟಿ ಇತ್ತು. ಉಗುರಿನಿಂದ ಗೀರಿದಳು, ಹಾಲು ಬಂತು.

"ಸತ್ತಿಲ್ಲ, ಮಲಗೈತಿ. ಚಳಿಯಾಗ ಇದು ಮಲಗೂದ. ಇಷ್ಟು ನೀರು ಹಾಕಿದ್ರ ಬೇರು ಕೊಳೀತಾವ, ನಿಲ್ಲಸು. ಈಗ ಬಿಸಿಲು ನನಗಿರಲಿ. ಚಿಗತ ಮ್ಯಾಲೆ ಆ ಜಾಗ ಇದಕ್ಕ."

"ನಿಮ್ಮ ಸಂಡಿಗಿ?"

"ಬಾಜೂಮನಿ ಅಡಿವೆವ್ವನ ಮಾಳಿಗಿ ಐತಲ್ಲ. ಅಲ್ಲಿ ಒಣಸ್ತೀನಿ." ತಾಯಿ ಮತ್ತೆ ಕಾಂಡ ಸವರಿದಳು. "ಹೂಬಿಟ್ಟ ಕೊಂಬಿ ತಂದಿದ್ರ ಲಗೂ ಹೂ ಬಿಡತಿತ್ತು. ನೀ ತಂದಿದ್ದು ಎಳೀ ಚಿಗುರು, ಬಲೀಬೇಕು ಅದು."

ಯುಗಾದಿ ಹೊತ್ತಿಗೆ ತುದಿಯಲ್ಲಿ ಹಸಿರು ಕಂಡಿತು. ಕುಂಡವನ್ನು ಬಿಸಿಲಿಗೆ ಎಳೆದು ಕೊಟ್ಟೆ. ಆ ಬೇಸಿಗೆಯೂ ಬರೀ ಎಲೆ. ನಜ್ಮಾ ಮುಖ ಸಣ್ಣ ಮಾಡಿಕೊಂಡಳು, ತಾಯಿ ಮಾತ್ರ ಮೊಣಕಾಲು ಹಿಡಿದುಕೊಂಡೇ ಅಡಿವೆವ್ವನ ಏಣಿ ಹತ್ತುತ್ತಿದ್ದಳು. ಮರುವರ್ಷ ಮೇ ತಿಂಗಳಲ್ಲಿ ಮೊಗ್ಗಿನ ಗೊಂಚಲು ಬಂದು, ಒಂದು ಬೆಳಗ್ಗೆ ಮೊದಲ ಹೂ ಅರಳಿತು.

ನಜ್ಮಾ ಕೂಗಿದ್ದು ನನ್ನನ್ನಲ್ಲ, ಅತ್ತೆಯನ್ನು. ತಾಯಿ ಬಗ್ಗಿ ಮೂಸಿದಳು.

"ನಿಮಗ ಈ ಗಿಡದ್ದು ಇಷ್ಟೆಲ್ಲಾ ಹ್ಯಾಂಗ ಗೊತ್ತ್ರಿ, ಅತ್ತಿ?"

"ನಿನ್ನ ನೋಡಾಕ ಬಂದಾಗ ನಿಮ್ಮವ್ವ ನನ್ನ ಇದರ ತಾಯಿಮರದ ನೆಳ್ಳಾಗ ಕುಂದರಿಸಿದ್ಲು. ಎಲ್ಲಾ ಆಕೀನ ಹೇಳಿದ್ಲು" ಎಂದಳು ತಾಯಿ. "ಆಕೀನ್ನ ಕಳಕೊಂಡಾಕಿ ನೀ ಒಬ್ಬಾಕೀನ ಅಲ್ಲ, ನಜ್ಮಾ, ನಾನೂ."