ಒದ್ದೆ ಕೈಯವರ ಮಾತು

ನನ್ನ ತಂಗಿಯನ್ನು ಕೆಲಸದಿಂದ ತೆಗೆಯುವ ವಿಷಯವನ್ನು ಬೆಣ್ಣೆ ಅವಳಿಗೆ ಹೇಳಲಿಲ್ಲ, ನನಗೆ ಹೇಳಿದ. ಅಕ್ಕನ ಬಾಯಿಂದ ಬಂದರೆ ಅವಳು ಅಳುವುದು ಕಮ್ಮಿ ಅಂತ ಅವನ ಲೆಕ್ಕ.

ಬೆಣ್ಣೆ ಅಂದರೆ ನಮ್ಮ ಲಾಂಡ್ರಿಯ ಸೂಪರ್‌ವೈಸರ್. ಅವನಿಗೆ ಆ ಹೆಸರಿಟ್ಟವಳು ನಾನೇ. ಒಂದು ದಿನವೂ ಯಾರ ಮೇಲೂ ಕೂಗಾಡಿದವನಲ್ಲ, ಕತ್ತು ಕೊಯ್ಯುವಾಗಲೂ 'ನೋವಾಯ್ತೇನಮ್ಮ' ಅಂತ ಕೇಳುವ ಜಾತಿ. ಹೋಟೆಲು, ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ನಮ್ಮಲ್ಲಿಗೇ ಬರುತ್ತದೆ. ನಾನು ಇಸ್ತ್ರಿ ರೋಲರ್ ಹತ್ತಿರ, ತಂಗಿ ಕಲೆ ತೆಗೆಯುವ ಮೇಜಿನ ಹತ್ತಿರ. ಆ ಮೂಲೆಗೆ ಕಿಟಕಿ ಇಲ್ಲ. ಅಲ್ಲೊಂದು ಕಲೆ ತೆಗೆಯುವ ರಾಸಾಯನಿಕದ ನೀಲಿ ಡ್ರಮ್ಮಿದೆ, ಅದರ ಮುಚ್ಚಳ ತೆಗೆದರೆ ರೋಲರ್ ಹತ್ತಿರ ನಿಂತ ನನಗೂ ಮೂಗು ಉರಿಯುತ್ತದೆ.

"ಅವಳ ಎದೆ ಸರಿ ಇಲ್ವಲ್ಲಮ್ಮ, ಡ್ರಮ್ ತೆಗೆದಾಗೆಲ್ಲ ಉಸಿರು ಕಟ್ಟುತ್ತೆ, ರಾತ್ರಿ ದಿಂಬಿಗೊರಗಿ ಕೂತೇ ನಿದ್ದೆ ಮಾಡ್ತಾಳೆ. ಪಾಪ, ಯಾಕೆ ಕಷ್ಟ? ಈ ತಿಂಗಳಿಗೆ ಒಪ್ಪಂದ ಮುಗಿಯುತ್ತೆ. ಮನೇಲಿ ಆರಾಮಾಗಿರಲಿ" ಅಂದ.

ನಾನು ಕಕ್ಕಾಬಿಕ್ಕಿಯಾದೆ. ಅವಳಿಗೆ ಉಸಿರು ಕಟ್ಟುವುದು ನನಗೇ ಗೊತ್ತಿರಲಿಲ್ಲ. ಅವಳ ಮನೆ ಬೇರೆ, ಗಂಡ ಲಾರಿ ಓಡಿಸುತ್ತಾ ವಾರಗಟ್ಟಲೆ ಊರಲ್ಲಿರುವುದಿಲ್ಲ. ಒಡಹುಟ್ಟಿದ ನನಗೇ ಗೊತ್ತಿಲ್ಲದ್ದು, ಅವಳು ರಾತ್ರಿ ಹೇಗೆ ಮಲಗುತ್ತಾಳೆ ಅನ್ನುವುದು, ಈ ಮನುಷ್ಯನಿಗೆ ಹೇಗೆ ಗೊತ್ತು? ಕೇಳಿದೆ. ಎಲ್ಲರೂ ಮಾತಾಡಿಕೊಳ್ಳುತ್ತಾರೆ ಅಂತ ನಕ್ಕು ಹೋದ.

ನೆಟ್ಟಗೆ ತಂಗಿಯ ಮೇಜಿಗೆ ಹೋದೆ. ವಿಷಯ ಕೇಳಿ ಅವಳ ಮುಖ ಬಿಳುಚಿಕೊಂಡಿತು. ಕೈ ಮೊಣಕೈವರೆಗೆ ನೊರೆಯಲ್ಲಿತ್ತು. ಯಾರಿಗೆ ಹೇಳಿದೆ ಅಂತ ಕೇಳಿದ್ದಕ್ಕೆ ಯಾರಿಗೂ ಇಲ್ಲ ಅಂದಳು. ನಾನು ಬಿಡಲಿಲ್ಲ. ಕೊನೆಗೆ ಗದ್ದದಿಂದ ಗೋಡೆಯ ಕಡೆ ತೋರಿಸಿ, "ಅದಕ್ಕೆ ಮಾತ್ರ" ಅಂದಳು.

ಗೋಡೆಯಲ್ಲಿದ್ದದ್ದು ಟ್ಯಾಬ್. ಕಲೆಗಳ ವಿಷಯ ಕೇಳಲಿ ಅಂತ ಲಾಂಡ್ರಿಯವರೇ ಒಂದು ಎಐ ಆಪ್ ಹಾಕಿಸಿ, ಸ್ಕ್ರೂ ಹೊಡೆದು ಕೂರಿಸಿದ್ದಾರೆ. ರಕ್ತಕ್ಕೆ ತಣ್ಣೀರೋ ಬಿಸಿನೀರೋ, ಈ ಬಟ್ಟೆಗೆ ಆ ಪುಡಿ ಹಾಕಬಹುದೋ ಬಾರದೋ, ಎಲ್ಲ ಹೇಳುತ್ತದೆ. ನಮ್ಮ ಕೈ ಸದಾ ಒದ್ದೆ, ಪರದೆ ಮುಟ್ಟುವ ಹಾಗಿಲ್ಲ. ಅದಕ್ಕೇ ವಾಯ್ಸ್ ಮೋಡ್ ಹಾಕಿ ಬಿಟ್ಟಿರುತ್ತಾರೆ. ಪರದೆಯ ಮೇಲೆ ಒಂದು ಗುಂಡನೆಯ ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ. ಇಷ್ಟು ದಿನ ಅದನ್ನು ಬರಹ ಅಂತ ಯಾರೂ ಅಂದುಕೊಂಡಿರಲಿಲ್ಲ, ಮಾತು ಅಂದುಕೊಂಡಿದ್ದೆವು.

ನನ್ನ ತಂಗಿ ದಡ್ಡಿಯಲ್ಲ. ಡ್ರಮ್ಮಿನ ವಿಷಯ, ಎದೆಯ ವಿಷಯ ಹೇಳಿಕೊಂಡ ಮಾರನೆಯ ದಿನ ಪರೀಕ್ಷೆಯನ್ನೂ ಮಾಡಿದ್ದಳು. ಹೊಸ ಮಾತುಕತೆ ಶುರುವಾದಾಗ, ನಿನ್ನೆ ನಾನು ಏನು ಹೇಳಿದೆ ಅಂತ ಕೇಳಿದ್ದಳು. ಹಿಂದಿನ ಮಾತುಕತೆ ನನಗೆ ಕಾಣುತ್ತಿಲ್ಲ ಅಂದಿತಂತೆ. ಬೆಣ್ಣೆಯೂ ಅದನ್ನು ಕೂರಿಸಿದ ದಿನ ಹಾಗೇ ಹೇಳಿದ್ದ: ಯಂತ್ರ, ಹೇಳಿದ್ದನ್ನು ಆಗಲೇ ಮರೆಯುತ್ತದೆ, ಸಂಕೋಚ ಬೇಡ. ಸರಿ, ಮರೆಯಿತಲ್ಲ ಅಂತ ಇವಳು ದಿನಾ ಹೇಳಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಕೈ ಚೆನ್ನಾಗಿ ಒರೆಸಿಕೊಂಡು ಟ್ಯಾಬ್ ಹತ್ತಿರ ನಿಂತೆ. ಮೂಲೆಯ ಗುರುತು ಒತ್ತಿ ಆ ಗುಂಡು ಬೆಳಕಿನ ವಾಯ್ಸ್ ಮೋಡನ್ನು ಮುಚ್ಚಿದೆ. ಮುಚ್ಚಿದ್ದೇ ತಡ, ಅದರ ಹಿಂದಿನಿಂದ ಅಕ್ಷರ ಬಂತು. ಬೆಳಿಗ್ಗೆ ಯಾರೋ ಕಾಫಿ ಕಲೆಯ ಬಗ್ಗೆ ಕೇಳಿದ್ದು, ಅದು ಹೇಳಿದ್ದು, ಎಲ್ಲ ಸಾಲು ಸಾಲಾಗಿ ಇತ್ತು. ಪಕ್ಕದ ಗೆರೆಗಳನ್ನು ಒತ್ತಿದರೆ ಹಳೆಯ ಮಾತುಕತೆಗಳ ಪಟ್ಟಿ, ಒಂದೊಂದಕ್ಕೂ ಅದೇ ಕೊಟ್ಟುಕೊಂಡ ಹೆಸರು. 'ಡ್ರಮ್ ಮತ್ತು ಉಸಿರಾಟದ ತೊಂದರೆ' ಅಂತ ಒಂದು. ಅದು ನನ್ನ ತಂಗಿ.

ಅವಳು ಮಾಡಿದ ಪರೀಕ್ಷೆಯೂ ಅಲ್ಲೇ ಇತ್ತು. ಅದು ಹೇಳಿದ್ದು ಇಷ್ಟು: 'ಹಿಂದಿನ ಮಾತುಕತೆ ನನಗೆ ಇಲ್ಲಿ ಕಾಣುತ್ತಿಲ್ಲ. ಆದರೆ ಅದು ಈ ಖಾತೆಯ'. ಅಲ್ಲಿಗೆ ತುಂಡು. ನಡುವೆ ಮಾತಾಡಿದರೆ ಅದು ಬಾಯಿ ಮುಚ್ಚುತ್ತದೆ. ಇವಳು ನೆಮ್ಮದಿಯಾಗಿ 'ಸಾಕು ಬಿಡು' ಅಂದಿದ್ದಳು, ಅದೂ ಬರೆದಿತ್ತು. ಖಾತೆ ಒಂದೇ, ಲಾಂಡ್ರಿಯದು. ಅದೇ ಖಾತೆ ಬೆಣ್ಣೆಯ ಕಂಪ್ಯೂಟರಿನಲ್ಲೂ ತೆರೆದಿರುತ್ತದೆ. ಅವನು ಎಸಿ ಕೋಣೆಯಲ್ಲಿ ಕೂತು ನಮ್ಮ ಹೊಟ್ಟೆಯೊಳಗಿನದನ್ನೆಲ್ಲ ಪೇಪರ್ ಓದುವ ಹಾಗೆ ಓದುತ್ತಿದ್ದ.

ಆಮೇಲೆ ಕಣ್ಣಿಗೆ ಬಿತ್ತು ಇನ್ನೊಂದು ಹೆಸರು: 'ಅನಾರೋಗ್ಯದ ಕೆಲಸಗಾರ್ತಿಯ ಒಪ್ಪಂದ ಮುಗಿಸುವುದು'. ನಮ್ಮಲ್ಲಿ ಯಾರು ಅದನ್ನು ಕೇಳಿಯಾರು? ತೆರೆದೆ. ಇದು ಬಾಯಲ್ಲಿ ಹೇಳಿದ್ದಲ್ಲ, ಕೂತು ಟೈಪ್ ಮಾಡಿದ್ದು. ಡ್ರಮ್ಮಿನಿಂದಲೇ ಕಾಯಿಲೆ ಬಂದಿದ್ದರೆ ಖರ್ಚು ಲಾಂಡ್ರಿಯ ತಲೆಗೆ ಬರುತ್ತದೆಯೇ, ಕಾಯಿಲೆಯ ಮಾತೆತ್ತದೆ ಅವಳನ್ನು ಕಳಿಸುವುದು ಹೇಗೆ ಅಂತ ನಮ್ಮ ಬೆಣ್ಣೆ ಕೇಳಿದ್ದ. ಅದು ಅವನಿಗೂ ನೆಟ್ಟಗೇ ಹೇಳಿತ್ತು: ಹಾಗೆ ಕಳಿಸುವುದು ಕಾನೂನಿಗೆ ವಿರುದ್ಧವಾಗಬಹುದು, ವಕೀಲರನ್ನು ಕೇಳಿ, ಅದಕ್ಕೆ ಮೊದಲು ಆ ಮೂಲೆಗೆ ಗಾಳಿ ಬರುವ ಹಾಗೆ ಮಾಡಿ, ಅವರನ್ನು ಡಾಕ್ಟರಿಗೆ ತೋರಿಸಿ. ನಾವು ಅಕ್ಷರ ನೋಡುವುದಿಲ್ಲ ಅಂತ ಅವನಿಗೆ ಎಷ್ಟು ಧೈರ್ಯ ಅಂದರೆ, ತಾನು ಕೇಳಿದ್ದನ್ನೂ ಅದೇ ಪಟ್ಟಿಯಲ್ಲಿ ಬಿಟ್ಟು ಹೋಗಿದ್ದ. ನನ್ನ ಫೋನಿನಲ್ಲಿ ಫೋಟೊ ಹೊಡೆದುಕೊಂಡೆ.

ಅವತ್ತು ಸಂಜೆ ಯಜಮಾನಿ ಮೇಡಂ ಬಂದಿದ್ದರು. ತಂಗಿಯ ಕೈ ಹಿಡಿದು ಎಳೆದುಕೊಂಡೇ ಆಫೀಸಿಗೆ ಹೋದೆ. ಇವಳು, ಬೇಡ ಅಕ್ಕ, ಸುಮ್ಮನಿರು ಅಂತ ಗೊಣಗುತ್ತಿದ್ದಳು. ನಮ್ಮ ಹಿಂದೆ ಬಟ್ಟೆ ಮಡಿಸುವ ಹೆಂಗಸರೆಲ್ಲ ಬಾಗಿಲಲ್ಲಿ ಬಂದು ನಿಂತರು.

ತಂಗಿ ಟ್ಯಾಬಿಗೆ ಹೇಳಿಕೊಂಡದ್ದನ್ನೆಲ್ಲ ಇವರು ಓದಿದ್ದಾರೆ ಅಂದೆ. ಟ್ಯಾಬಿನಲ್ಲಿ ಏನೂ ಉಳಿಯುವುದಿಲ್ಲ ಅಂದ ಬೆಣ್ಣೆ. ಹಾಗಾದರೆ ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ ರಾಗ ಬದಲಾಯಿಸಿದ. ಆಪ್ ಮಾಡಿದ ಕಂಪನಿಯಲ್ಲಿ ಇವನ್ನೆಲ್ಲ ಓದುವ ಜನ ಇರುತ್ತಾರಂತೆ, ಅವರಿಂದ ತಿಳಿಯಿತಂತೆ. ಆ ಮಾತು ಬಂದೇ ಬರುತ್ತದೆ ಅಂತ ನಾನು ಆ ಆಪಿನ ಸಹಾಯದ ಪುಟವನ್ನು ಊಟ ಬಿಟ್ಟು ಓದಿದ್ದೆ. ಮಾತಾಡಿದ್ದು ಅಕ್ಷರವಾಗಿ ಖಾತೆಯಲ್ಲಿ ಉಳಿಯುತ್ತದೆ, ಯಾರಾದರೂ ಅಳಿಸುವವರೆಗೂ. ಅಳಿಸಿದರೆ ಪಟ್ಟಿಯಿಂದ ಆಗಲೇ ಹೋಗುತ್ತದೆ, ಕಂಪನಿಯ ಕಂಪ್ಯೂಟರುಗಳಿಂದ ಹೋಗಲು ಇನ್ನಷ್ಟು ದಿನ ಬೇಕು, ಕಾನೂನಿಗೋ ಸುರಕ್ಷತೆಗೋ ಬೇಕಾದ ಕೆಲವನ್ನು ಇಟ್ಟುಕೊಳ್ಳಲೂಬಹುದು. ಕಂಪನಿಯವರು ಕೆಲವು ಮಾತುಕತೆ ಓದುವುದು ನಿಜ. ಖಾತೆಯವರು ಒಪ್ಪಿದ್ದರೆ, ಉತ್ತರ ಸರಿಯಿಲ್ಲ ಅಂತ ಗುರುತು ಒತ್ತಿದ್ದರೆ, ಇಲ್ಲವೇ ಏನಾದರೂ ಅಪಾಯದ್ದು ಕಂಡರೆ ಓದುತ್ತಾರೆ. ಲಾಂಡ್ರಿಯ ಸೂಪರ್‌ವೈಸರಿಗೆ ಫೋನ್ ಮಾಡಿ ಇಂಥವಳಿಗೆ ಉಸಿರು ಕಟ್ಟುತ್ತದೆ ಅಂತ ಹೇಳುತ್ತಾರೆ ಅಂತ ಎಲ್ಲೂ ಬರೆದಿರಲಿಲ್ಲ.

ಇಷ್ಟನ್ನೂ ಹೇಳಿದೆ. ಬೆಣ್ಣೆ ಆಗಲೂ ನಗುತ್ತಿದ್ದ, ಹಾಗೇನೂ ಇಲ್ಲ ಮೇಡಂ, ಇವಳಿಗೆ ಕೋಪ ಜಾಸ್ತಿ ಅಂತ. ನನ್ನ ತಲೆ ಕೆಟ್ಟಿತು. ಮೇಜಿನ ಮೇಲಿದ್ದ ಅವನ ಕಂಪ್ಯೂಟರನ್ನೇ ನನ್ನ ಕಡೆ ತಿರುಗಿಸಿಕೊಂಡು ತಂಗಿಯ ಮಾತುಕತೆ ತೆರೆದು ಗಟ್ಟಿಯಾಗಿ ಓದಿದೆ. ರಾತ್ರಿ ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತೇನೆ ಅಂದದ್ದು, ಮೆಟ್ಟಿಲು ಹತ್ತಲಾರದೆ ನೆಲದ ಮೇಲೆ ಕೂತು ಅತ್ತದ್ದು, ಗಂಡನಿಗೆ ತಿಳಿದರೆ ಕೆಲಸ ಬಿಡಿಸುತ್ತಾನೆ ಅಂತ ಹೆದರಿದ್ದು. ಬೆಣ್ಣೆ ಬೆಳಿಗ್ಗೆ ನನಗೆ ಹೇಳಿದ್ದೂ ಅದೇ, ಮಾತಿಗೆ ಮಾತು. ಆಮೇಲೆ ಅವನು ಟೈಪ್ ಮಾಡಿ ಕೇಳಿದ್ದನ್ನೂ ಓದಿದೆ. ಬೆಣ್ಣೆ ಇಂಗು ತಿಂದ ಮಂಗನ ಹಾಗೆ ನಿಂತ.

ಮೇಡಂ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅವರ ಬಾಯಿಂದ ಮೊದಲು ಬಂದದ್ದು ಏನು ಗೊತ್ತೇ? "ಇದನ್ನೆಲ್ಲ ಮೊದಲು ಅಳಿಸಿ."

"ಅಳಿಸಿ ಮೇಡಂ. ನನ್ನ ಫೋನಲ್ಲಿ ಫೋಟೊ ಇದೆ. ಆ ಮೂಲೆಗೆ ಫ್ಯಾನ್ ಬರೋವರೆಗೂ, ಇವಳಿಗೆ ಹೊಸ ಒಪ್ಪಂದ ಕೈಗೆ ಬರೋವರೆಗೂ ಇರುತ್ತೆ. ಬರಲಿಲ್ಲ ಅಂದ್ರೆ ಕಾರ್ಮಿಕ ಇಲಾಖೆ ನೋಡುತ್ತೆ" ಅಂದೆ.

ಬಂತು. ವಾರದೊಳಗೆ ಗೋಡೆ ಒಡೆದು ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನ್ ಕೂರಿಸಿದರು. ಡಾಕ್ಟರ ಖರ್ಚು ಲಾಂಡ್ರಿಯದೇ ಆಯಿತು, ತಂಗಿಯನ್ನು ಮಡಿಸುವ ಮೇಜಿಗೆ ಹಾಕಿದರು, ಒಪ್ಪಂದ ಮುಂದುವರಿಯಿತು. ಬೆಣ್ಣೆಯನ್ನು ಗೋದಾಮಿಗೆ ಕಳಿಸಿದರು. ಅಲ್ಲಿ ಮೂಟೆಗಳಿಗೆ ಬೆಣ್ಣೆ ಹಚ್ಚಿಕೊಂಡಿರಲಿ. ಮಡಿಸುವ ಹೆಂಗಸರು ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು. ತಂಗಿ ಮಾತ್ರ ಕೆಲಸ ಮುಗಿದ ಕೂಡಲೇ ನನಗೆ ಕಾಯದೆ ಮನೆಗೆ ಹೋಗುತ್ತಿದ್ದಳು. ಆಯಾಸ ಅಂದುಕೊಂಡೆ.

ಒಪ್ಪಂದ ಕೈಗೆ ಬಂದ ದಿನ ಅವಳೇ ಮೇಡಂ ಹತ್ತಿರ ಕೇಳಿಕೊಂಡು ಟ್ಯಾಬ್ ಮುಂದೆ ಹೋಗಿ ನಿಂತಳು. ಕೈ ಒರೆಸಿಕೊಂಡು ತನ್ನ ಮಾತುಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು. ಪಕ್ಕದಲ್ಲಿ ನಿಂತು ನಾನು, ಈಗಲಾದರೂ ನಗು, ಗೆದ್ದೆವಲ್ಲ ಅಂದೆ. ಅವನು ಓದಿದ್ದಕ್ಕೆ ತಕ್ಕ ಶಾಸ್ತಿ ಆಯಿತಲ್ಲ ಅಂದೆ.

"ಅವನು ಒಬ್ಬನೇ ಕೂತು ಓದಿದ, ಅಕ್ಕ. ನೀನು ಎಲ್ಲರ ಮುಂದೆ ಓದಿದೆ" ಅಂದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ನನಗೆ ರೇಗಿತು. ನಿನಗೋಸ್ಕರ ಅಲ್ಲವೇ ಓದಿದ್ದು, ನನಗೆ ಮೊದಲೇ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ, ಗೋಡೆಗೆ ಹೇಳುವ ಬದಲು ನನಗೆ ಹೇಳಲು ಏನಾಗಿತ್ತು ಅಂತ ದನಿ ಏರಿಸಿದೆ. ಮಡಿಸುವ ಮೇಜಿನವರೆಲ್ಲ ತಿರುಗಿ ನೋಡಿದರು.

ತಂಗಿ ಅಳಿಸುವುದನ್ನು ನಿಲ್ಲಿಸಿದಳು. "ಕೆಳಗಿನ ತನಕ ಓದಲಿಲ್ವಾ ನೀನು? ಅದೂ ಹಾಗೇ ಕೇಳಿತ್ತು, ಅಕ್ಕನಿಗೆ ಯಾಕೆ ಹೇಳಬಾರದು ಅಂತ. ಅಕ್ಕ ಕಿರುಚ್ತಾಳೆ, ಅದಕ್ಕೇ ನಿನ್ನ ಹತ್ರ ಹೇಳ್ತಿದ್ದೀನಿ ಅಂತ ಟ್ಯಾಬಿಗೆ ಹೇಳಿದ್ದೆ."

ಬೆರಳು ಒತ್ತಿ ಅದನ್ನೂ ಅಳಿಸಿ, ಅವಳು ಮಡಿಸುವ ಮೇಜಿಗೆ ಹೋದಳು.